ಎರಡು ಬೆಡ್‌ರೂಮಿನ ಮನೆಗೆ ಒಂದೇ ಮಾತಿನ ದರ

ಮನೆಯ ಒಳಗೋಡೆಗಳಿಗೆ ಬಣ್ಣ ಹೊಡೆಸಬೇಕೆಂದು ಮೂವರು ಮೇಸ್ತ್ರಿಗಳನ್ನು ಕರೆಸಿದರೆ ಮೂರು ದರ ಬರುತ್ತದೆ. ಒಬ್ಬರು ನಲವತ್ತೈದು ಸಾವಿರ ಅನ್ನುತ್ತಾರೆ, ಇನ್ನೊಬ್ಬರು ಅರವತ್ತು, ಮೂರನೆಯವರು ಎಂಬತ್ತು. ಮನೆ ಅದೇ, ಬಣ್ಣದ ಕಂಪನಿಯೂ ಅದೇ. ಮನೆಯವರು ಎಂಬತ್ತು ಹೇಳಿದವರನ್ನು ದುರಾಸೆಯವರೆಂದೂ ನಲವತ್ತೈದು ಹೇಳಿದವರನ್ನು ಒಳ್ಳೆಯವರೆಂದೂ ತೀರ್ಮಾನಿಸಿ ಕೆಲಸ ಕೊಡುತ್ತಾರೆ. ಆರನೆಯ ದಿನ ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತಾ ನಿಲ್ಲುತ್ತಾರೆ: "ಸಾರ್, ಸೀಲಿಂಗ್ ಹೀಗಿರುತ್ತೆ ಅಂತ ಗೊತ್ತಿರಲಿಲ್ಲ. ಇನ್ನೊಂದು ಎಂಟು ಸಾವಿರ ಆಗುತ್ತೆ."

ಈ ಮೂವರಲ್ಲಿ ಯಾರೂ ಸುಳ್ಳು ಹೇಳಿರಬೇಕಿಲ್ಲ. ಗೋಡೆಯೊಳಗೆ ಏನಿದೆ ಎಂದು ಮೂವರೂ ಬೇರೆ ಬೇರೆಯಾಗಿ ಊಹಿಸಿದ್ದಾರೆ, ಅಷ್ಟೆ. ಚದರ ಅಡಿಗೆ ಇಷ್ಟು ಕೂಲಿ ಎಂದು ಮಾತಾಡಿ ಕೊನೆಗೆ ಟೇಪ್ ಹಿಡಿದು ಅಳೆದು ಹಣ ಕೊಡುವ ಪದ್ಧತಿಯಲ್ಲಿ ಊಹೆ ತಪ್ಪಿದರೆ ನಷ್ಟ ಮನೆಯವರದು. ಒಟ್ಟು ಕೆಲಸಕ್ಕೆ ಇಷ್ಟೇ ಎಂದು ಬರೆದುಕೊಟ್ಟರೆ, ಅಂದರೆ ಲಂಪ್‌ಸಮ್ ಆದರೆ, ಆ ನಷ್ಟ ಮೇಸ್ತ್ರಿಯ ಹೆಗಲೇರುತ್ತದೆ. ಆ ಭಾರ ಹೊರುವುದಕ್ಕೂ ಒಂದು ಬೆಲೆ ಇದೆ. ಎಷ್ಟು ಎಂದು ಲೆಕ್ಕ ಹಾಕಬಹುದು. ಗಾಳಿಯಲ್ಲಿ ಕೈಬೀಸಿ ಶೇ 10 ಎಂದು ಸೇರಿಸುವ ಅಗತ್ಯವಿಲ್ಲ.

ಒಂದು ಮನೆಯನ್ನು ಎದುರಿಗಿಟ್ಟುಕೊಳ್ಳೋಣ. ಮೈಸೂರಿನಲ್ಲಿ ಎಂಟು ವರ್ಷ ಹಳೆಯ ಅಪಾರ್ಟ್‌ಮೆಂಟಿನ ಎರಡನೆಯ ಮಹಡಿ, ಎರಡು ಬೆಡ್‌ರೂಮು, ಮನೆಯವರು ಒಳಗೇ ವಾಸವಿದ್ದಾರೆ. ಹಾಲ್ 20 ಅಡಿ ಉದ್ದ, 11 ಅಡಿ ಅಗಲ. ಬೆಡ್‌ರೂಮುಗಳು 12ಕ್ಕೆ 11 ಮತ್ತು 11ಕ್ಕೆ 10. ಅಡುಗೆಮನೆ 9ಕ್ಕೆ 8, ನಡುವೆ 8ಕ್ಕೆ 4ರ ಒಂದು ಓಣಿ, ಎರಡು ಬಾತ್‌ರೂಮು. ಎತ್ತರ ಎಲ್ಲ ಕಡೆ 10 ಅಡಿ. ಕೆಳಗೆ ಬಳಸುವ ದರ, ಕೂಲಿಗಳು ಲೆಕ್ಕ ತೋರಿಸಲೆಂದು ಇಟ್ಟುಕೊಂಡವು. ನಿಮ್ಮ ಊರಿನ ಅಂಗಡಿಯಲ್ಲಿ ಬೇರೆ ಇರುತ್ತವೆ, ಆದರೆ ಲೆಕ್ಕದ ದಾರಿ ಬದಲಾಗುವುದಿಲ್ಲ.

ಅವಸರದ ಮೇಸ್ತ್ರಿ ಇಲ್ಲಿ ಟೇಪ್ ತೆಗೆಯುವುದೇ ಇಲ್ಲ. ನೆಲದ ವಿಸ್ತೀರ್ಣ ಕೇಳಿ ಅದನ್ನು ಮೂರೂವರೆಯಿಂದ ಗುಣಿಸುತ್ತಾರೆ. ಈ ಮನೆಯ ಒಳನೆಲ ಸುಮಾರು 630 ಚದರ ಅಡಿ, ಮೂರೂವರೆ ಪಟ್ಟು ಎಂದರೆ 2,200 ಚಿಲ್ಲರೆ. ಕೋಣೆ ಕೋಣೆ ಅಳೆದರೆ ಬೇರೆಯದೇ ಸಿಗುತ್ತದೆ. ಪ್ರತಿ ಕೋಣೆಯ ನಾಲ್ಕು ಬದಿಗಳನ್ನು ಕೂಡಿಸಿ 10 ಅಡಿ ಎತ್ತರದಿಂದ ಗುಣಿಸಿದರೆ ಬಾತ್‌ರೂಮು ಬಿಟ್ಟು ಗೋಡೆ 2,080 ಚದರ ಅಡಿ. ಇದರಲ್ಲಿ ಅಡುಗೆಮನೆಯ ಟೈಲ್ಸ್, ಗೋಡೆಗೆ ಕೂತ ವಾರ್ಡ್‌ರೋಬು, ಬಾಗಿಲು, ಕಿಟಕಿಗಳಿಗೆ 450 ಕಳೆದರೆ 1,630 ಉಳಿಯುತ್ತದೆ. ಸೀಲಿಂಗ್ 570. ಬಾತ್‌ರೂಮುಗಳಲ್ಲಿ ಟೈಲ್ಸ್ ಮೇಲಿನ ಗೋಡೆ ಮತ್ತು ಸೀಲಿಂಗ್ ಸೇರಿ 200. ಒಟ್ಟು 2,400. ಬಾಯಿಲೆಕ್ಕಕ್ಕೂ ಟೇಪಿಗೂ ಇನ್ನೂರು ಚದರ ಅಡಿ ವ್ಯತ್ಯಾಸ. ಒಂದು ಕೋಣೆಯ ಎರಡು ಗೋಡೆಗಳಷ್ಟು ಕೆಲಸ ಲೆಕ್ಕದಿಂದಲೇ ಬಿಟ್ಟುಹೋಗುತ್ತಿತ್ತು.

ಬಾಗಿಲನ್ನು ಕಳೆಯುವಾಗ ಒಂದು ಸೂಕ್ಷ್ಮವಿದೆ. ಹಾಲ್‌ಗೂ ಬೆಡ್‌ರೂಮಿಗೂ ನಡುವಿನ ಬಾಗಿಲು ಎರಡೂ ಕೋಣೆಯ ಗೋಡೆಯಲ್ಲಿ ಕಾಣುತ್ತದೆ, ಆದರೆ ಒಂದು ಕಡೆ ಮಾತ್ರ ಕಳೆಯಬೇಕು. ಕಟ್ಟಡದ ಕೆಲಸ ಅಳೆಯುವ ಭಾರತೀಯ ಮಾನಕ IS 1200 ಕೂಡ ಮೂರು ಚದರ ಮೀಟರಿನೊಳಗಿನ ಇಂಥ ತೆರಪುಗಳಿಗೆ ಹೀಗೇ ಹೇಳುತ್ತದೆ. ಕಾರಣ ಸರಳ. ಬಾಗಿಲಿನ ಸುತ್ತ ಗೋಡೆಯ ದಪ್ಪದ ಅಂಚಿಗೂ ಬಣ್ಣ ಬಳಿಯಬೇಕು, ಚೌಕಟ್ಟಿಗೆ ತಾಗದಂತೆ ಬ್ರಷ್‌ನಲ್ಲಿ ಗೆರೆ ಎಳೆಯಬೇಕು. ಅಗಲ ಗೋಡೆಗೆ ರೋಲರ್ ಓಡಿಸುವುದಕ್ಕಿಂತ ಈ ಅಂಚಿನ ಕೆಲಸಕ್ಕೆ ಹೆಚ್ಚು ಹೊತ್ತು ಬೇಕು. ಕಳೆಯದೆ ಉಳಿಸಿದ ಇನ್ನೊಂದು ಬದಿ ಅದಕ್ಕೆ ಸರಿಹೋಗುತ್ತದೆ.

ಅಳತೆಗಿಂತ ದೊಡ್ಡ ಕೆಲಸ ಗೋಡೆಯ ತಪಾಸಣೆ. ಇಲ್ಲಿ ಕಳೆದ ಒಂದು ಗಂಟೆ ಮುಂದೆ ಎಷ್ಟೋ ಜಗಳ ತಪ್ಪಿಸುತ್ತದೆ. ಅನುಭವಸ್ಥ ಮೇಸ್ತ್ರಿ ಮೊದಲು ಏಣಿ ಹತ್ತಿ ಸೀಲಿಂಗನ್ನು ಅಂಗೈಯಿಂದ ಸವರುತ್ತಾರೆ. ಕೈಗೆ ಬಿಳಿ ಹುಡಿ ಅಂಟಿದರೆ ಒದ್ದೆ ಬಟ್ಟೆಯಿಂದ ಒಂದು ಕಡೆ ಉಜ್ಜುತ್ತಾರೆ. ಬಟ್ಟೆಗೆ ಬಣ್ಣ ಬಿಟ್ಟುಕೊಂಡರೆ ಅಲ್ಲಿರುವುದು ಡಿಸ್ಟೆಂಪರ್, ಎಮಲ್ಷನ್ ಅಲ್ಲ. ಬಿಲ್ಡರ್‌ಗಳು ಗೋಡೆಗೆ ಎಮಲ್ಷನ್ ಹೊಡೆದು ಸೀಲಿಂಗ್‌ಗೆ ಅಗ್ಗದ ಡಿಸ್ಟೆಂಪರ್ ಹಚ್ಚಿ ಕೈತೊಳೆದುಕೊಂಡ ಮನೆಗಳಿಗೆ ಲೆಕ್ಕವಿಲ್ಲ. ಹುಡಿಯಾದ ಡಿಸ್ಟೆಂಪರ್ ಮೇಲೆ ಹೊಸ ಬಣ್ಣ ಹೊಡೆದರೆ ಅದು ಹುಡಿಯನ್ನು ಹಿಡಿದುಕೊಳ್ಳುತ್ತದೆಯೇ ಹೊರತು ಗಾರೆಯನ್ನಲ್ಲ. ಕೆಲವು ತಿಂಗಳಲ್ಲಿ ಹಪ್ಪಳದ ಹಾಗೆ ಎದ್ದು ಬರುತ್ತದೆ. ಅದನ್ನು ಪೂರ್ತಿ ಕೆರೆದು ತೆಗೆಯಲೇಬೇಕು. ಆ ಮೊದಲ ಪ್ಯಾರಾದ ಎಂಟು ಸಾವಿರದ ಜಗಳ ಹುಟ್ಟಿದ್ದು ಈ ಒದ್ದೆ ಬಟ್ಟೆಯ ಪರೀಕ್ಷೆ ಮಾಡದೆ ಇದ್ದುದರಿಂದಲೇ.

ಆಮೇಲೆ ಗೋಡೆ. ಬ್ಲೇಡಿನಿಂದ ಬಣ್ಣದ ಮೇಲೆ ಒಂದು ಗೀಟು ಹಾಕಿ, ಸೆಲೋಟೇಪ್ ಒತ್ತಿ ಅಂಟಿಸಿ, ಝಾಡಿಸಿ ಎಳೆಯುತ್ತಾರೆ. ಟೇಪಿನ ಜೊತೆ ಬಣ್ಣದ ಚೂರು ಬಂದರೆ ಹಳೆಯ ಬಣ್ಣದ ಹಿಡಿತ ಹೋಗಿದೆ ಎಂದರ್ಥ. ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಗಾರೆಯೇ ಬಿಟ್ಟಿದೆ. ಸೋಫಾದ ಹಿಂದೆ, ಬೀರುವಿನ ಹಿಂದೆ, ಬಾತ್‌ರೂಮಿಗೆ ಬೆನ್ನು ಕೊಟ್ಟ ಗೋಡೆಯ ಬುಡದಲ್ಲಿ ಟಾರ್ಚ್ ಹಿಡಿದು ನೋಡುತ್ತಾರೆ. ನಮ್ಮ ಮನೆಯಲ್ಲಿ ದೊಡ್ಡ ಬೆಡ್‌ರೂಮಿನ ಇಂಥ ಒಂದು ಗೋಡೆ ನೆಲದಿಂದ ಮೂರಡಿಯವರೆಗೆ ಉಬ್ಬಿದೆ, ಅಲ್ಲಲ್ಲಿ ಬಿಳಿ ಉಪ್ಪು ಕಾಣಿಸಿಕೊಂಡಿದೆ. ಸುಮಾರು 35 ಚದರ ಅಡಿ. ತೇವ ಒಳಗಿಂದ ಬರುತ್ತಿದೆಯೇ ಎಂದು ತಿಳಿಯಲು ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಚ್ಚಿ ಒಂದು ದಿನ ಬಿಡಬೇಕು. ಹಾಳೆಯ ಒಳಬದಿಯಲ್ಲಿ ಹನಿ ಕೂತಿದ್ದರೆ ನೀರು ಗೋಡೆಯದು. ಹೊರಬದಿಯಲ್ಲಿ ಕೂತಿದ್ದರೆ ಕೋಣೆಯ ಗಾಳಿಯದು. ಈ ಗೋಡೆಯ ಕಥೆಗೆ ಮತ್ತೆ ಬರೋಣ, ಇಡೀ ಕೊಟೇಶನ್‌ನಲ್ಲಿ ಅತಿ ಕಷ್ಟದ ಪ್ರಶ್ನೆ ಅದೇ.

ಸಾಮಾನಿನ ಲೆಕ್ಕ ಇವೆಲ್ಲಕ್ಕಿಂತ ಸುಲಭ. ಒಳ್ಳೆಯ ದರ್ಜೆಯ ಎಮಲ್ಷನ್ ನಯವಾದ ಗೋಡೆಯ ಮೇಲೆ ಎರಡು ಕೋಟ್‌ಗೆ ಲೀಟರಿಗೆ 60ರಿಂದ 70 ಚದರ ಅಡಿ ಬರುತ್ತದೆ. ಚೆಲ್ಲುವುದು, ರೋಲರ್ ಕುಡಿಯುವುದು ಎಲ್ಲ ಸೇರಿಸಿ 60 ಎಂದು ಹಿಡಿಯುವುದು ಕ್ಷೇಮ. 1,630ನ್ನು 60ರಿಂದ ಭಾಗಿಸಿದರೆ 27 ಲೀಟರ್ ಚಿಲ್ಲರೆ. ಇಲ್ಲಿಗೆ ನಿಲ್ಲಿಸಿದರೆ ತಪ್ಪುತ್ತದೆ, ಯಾಕೆಂದರೆ ಬಣ್ಣ 1, 4, 10, 20 ಲೀಟರಿನ ಡಬ್ಬಿಗಳಲ್ಲಿ ಬರುತ್ತದೆ ಮತ್ತು ಈ ಮನೆಯವರಿಗೆ ಎರಡು ಬಣ್ಣ ಬೇಕು. ಹಾಲ್, ಓಣಿ, ಅಡುಗೆಮನೆಗೆ ಒಂದು, ಬೆಡ್‌ರೂಮುಗಳಿಗೆ ಇನ್ನೊಂದು. ಮೊದಲನೆಯದಕ್ಕೆ 14.6 ಲೀಟರ್ ಬೇಕು, 15 ತರಬೇಕು. ಎರಡನೆಯದಕ್ಕೆ 12.6 ಬೇಕು, 10 ಮತ್ತು 4ರ ಡಬ್ಬಿ ಸೇರಿ 14 ತರಬೇಕು. ಒಟ್ಟು 29. ಒಂದರಲ್ಲಿ ಉಳಿದದ್ದನ್ನು ಇನ್ನೊಂದಕ್ಕೆ ಬಳಸಲಾಗದು, ಮೆಷಿನ್‌ನಲ್ಲಿ ಬಣ್ಣ ಬೆರೆಸಿಕೊಟ್ಟ ಡಬ್ಬಿಯನ್ನು ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲ. ಮನೆಯವರು ಕೊನೆಯಲ್ಲಿ "ಟಿ.ವಿ. ಹಿಂದಿನ ಗೋಡೆ ಒಂದು ಮಾತ್ರ ಬೇರೆ ಬಣ್ಣ ಇರಲಿ" ಎಂದರೆ ಅದು ಪುಕ್ಕಟೆ ಮಾತಲ್ಲ. ಒಂದೊಂದು ಲೀಟರಿನ ಡಬ್ಬಿಗೆ ಲೀಟರ್ ಲೆಕ್ಕದಲ್ಲಿ ಬೆಲೆಯೂ ಜಾಸ್ತಿ.

ಉಳಿದದ್ದನ್ನು ಬೇಗ ಮುಗಿಸಬಹುದು. ಸೀಲಿಂಗ್ ಮತ್ತು ಬಾತ್‌ರೂಮುಗಳ 770 ಚದರ ಅಡಿಗೆ ಬಿಳಿ ಎಮಲ್ಷನ್. ಕೆರೆದ ಮೇಲ್ಮೈ ಜಾಸ್ತಿ ಹೀರುವುದರಿಂದ ಲೀಟರಿಗೆ 55 ಅಡಿ ಹಿಡಿದು 14 ಲೀಟರ್. ಎಲ್ಲ ಕಡೆ ಒಂದು ಕೋಟ್ ಪ್ರೈಮರ್‌ಗೆ 20 ಮತ್ತು 4ರ ಡಬ್ಬಿ ಸೇರಿ 24 ಲೀಟರ್. ಸೀಲಿಂಗ್‌ಗೆ ತೆಳ್ಳಗೆ ಒಂದು ಕೈ ಪುಟ್ಟಿ, ಗೋಡೆಯ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕಡಿಮೆ ಜಾಗಕ್ಕೆ ತೇಪೆ ಪುಟ್ಟಿ, ಎರಡೂ ಸೇರಿ ಎಪ್ಪತ್ತು ಕಿಲೋ ಮೇಲೆ, ಅಂದರೆ 40 ಕಿಲೋದ ಎರಡು ಚೀಲ. ಎಮರಿ ಹಾಳೆ, ಮಾಸ್ಕಿಂಗ್ ಟೇಪ್, ನೆಲಕ್ಕೆ ಹಾಸುವ ಪ್ಲಾಸ್ಟಿಕ್, ರೋಲರ್, ಬ್ರಷ್, ಬಿರುಕು ತುಂಬುವ ಪೇಸ್ಟ್ ಇವಕ್ಕೆ 2,500. ಗೋಡೆಯ ಬಣ್ಣ ಲೀಟರಿಗೆ 420, ಸೀಲಿಂಗಿನದು 200, ಪ್ರೈಮರ್ 150, ಪುಟ್ಟಿ ಚೀಲಕ್ಕೆ 950 ಎಂದಿಟ್ಟುಕೊಂಡರೆ ಸಾಮಾನಿನ ಖರ್ಚು 23,000 ರೂಪಾಯಿ.

ಕೊಟೇಶನ್ ಸೋಲುವುದು ಸಾಮಾನ್ಯವಾಗಿ ಕೂಲಿಯಲ್ಲಿ. "ಮೂರು ಜನ ಒಂದು ವಾರ ಬೇಕಾಗುತ್ತೆ" ಎಂಬ ಅಂದಾಜು ಬಾಯಿಗೆ ಸುಲಭವಾಗಿ ಬರುತ್ತದೆ, ಆದರೆ ಅದು ಎಲ್ಲಿ ತಪ್ಪಿತು ಎಂದು ಆಮೇಲೆ ಕಂಡುಹಿಡಿಯಲು ಆಗುವುದಿಲ್ಲ. ಕೆಲಸವನ್ನು ಬಿಡಿಸಿ, ಒಬ್ಬ ಮನುಷ್ಯ ಒಂದು ಗಂಟೆಯಲ್ಲಿ ಎಷ್ಟು ಅಡಿ ಮುಗಿಸುತ್ತಾನೆ ಎಂಬುದರಿಂದ ಲೆಕ್ಕ ಕಟ್ಟಬೇಕು.

ಡಿಸ್ಟೆಂಪರ್ ಕೆರೆಯುವುದನ್ನೇ ತೆಗೆದುಕೊಳ್ಳಿ. ನೀರು ಚಿಮುಕಿಸಿ ನೆನೆಸಿ, ತಲೆಯೆತ್ತಿ, ಕಣ್ಣಿಗೆ ಹುಡಿ ಬೀಳಿಸಿಕೊಳ್ಳುತ್ತಾ ಪಟ್ಟಿ ಬ್ಲೇಡಿನಿಂದ ಕೆರೆಯುವ ಕೆಲಸ ಅದು. ಗಂಟೆಗೆ 40 ಚದರ ಅಡಿ ಎಂದರೆ 770ಕ್ಕೆ 19 ಗಂಟೆ. ಹಳೆಯ ಗೋಡೆಯನ್ನು ಎಮರಿಯಿಂದ ಉಜ್ಜಿ ಒರೆಸಲು ಗಂಟೆಗೆ 100 ಅಡಿ, 16 ಗಂಟೆ. ತೇಪೆ ಪುಟ್ಟಿಗೆ 14, ಸೀಲಿಂಗ್ ಪುಟ್ಟಿಗೆ 15, ಒಣಗಿದ ಪುಟ್ಟಿಯನ್ನು ಉಜ್ಜಲು 14. ಇವೆಲ್ಲದರ ಮುಂಚೆ ಸೋಫಾ, ಮಂಚ, ಬೀರು ಸರಿಸಿ ಮುಚ್ಚುವುದು, ಫ್ಯಾನ್ ಇಳಿಸುವುದು, ಸ್ವಿಚ್ ಬೋರ್ಡುಗಳಿಗೆ ಟೇಪ್ ಹಚ್ಚುವುದು. ವಾಸವಿರುವ ಮನೆಯಲ್ಲಿ ಒಂದು ಕೋಣೆ ಮುಗಿಸಿ ಸಾಮಾನನ್ನು ವಾಪಸ್ ಇಟ್ಟು ಇನ್ನೊಂದನ್ನು ಖಾಲಿ ಮಾಡಬೇಕಾದ್ದರಿಂದ ಅದಕ್ಕೇ 12. ಇನ್ನೂ ಬಣ್ಣದ ಡಬ್ಬಿ ತೆರೆದಿಲ್ಲ, ಆಗಲೇ 90 ಗಂಟೆ ಖರ್ಚಾಯಿತು. ಪ್ರೈಮರ್‌ಗೆ 16, ಎರಡು ಕೋಟ್ ಬಣ್ಣಕ್ಕೆ 40, ಕೊನೆಯ ತೇಪೆ ಮತ್ತು ನೆಲ ಉಜ್ಜಿ ಕೊಡುವುದಕ್ಕೆ 10. ಒಟ್ಟು 156 ಗಂಟೆ. ಗಿರಾಕಿಗೆ ಕಾಣುವುದು ಆ ನಲವತ್ತು ಗಂಟೆಯ ಬಣ್ಣ, ದುಡ್ಡು ಹೋಗಿರುವುದು ಅದರ ಕೆಳಗಿನ ತೊಂಬತ್ತಕ್ಕೆ. ನಲವತ್ತೈದು ಸಾವಿರದ ದರ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ, ಬಹುಪಾಲು ಈ ತೊಂಬತ್ತನ್ನು ಐವತ್ತು ಮಾಡಿದ್ದರಿಂದ ಬರುತ್ತದೆ.

ಇನ್ನು 156ನ್ನು ದಿನಗಳಾಗಿ ಮಾಡಬೇಕು. ಎಂಟು ಗಂಟೆಯ ದಿನ ಎಂದು ಎಂಟರಿಂದ ಭಾಗಿಸಿದರೆ ಹತ್ತೊಂಬತ್ತೂವರೆ ಆಳು. ಆದರೆ ಬೆಳಿಗ್ಗೆ ಒಂಬತ್ತೂವರೆಗೆ ಬಂದ ಪೇಂಟರ್ ಬಟ್ಟೆ ಬದಲಿಸಿ, ಬಣ್ಣ ಕಲಸಿ, ಏಣಿ ಹೂಡುವ ಹೊತ್ತಿಗೆ ಹತ್ತು. ಎರಡು ಸಲ ಟೀ, ಮಧ್ಯಾಹ್ನದ ಊಟ, ಸಂಜೆ ರೋಲರ್ ತೊಳೆಯಲು ಅರ್ಧ ಗಂಟೆ. ಇದರಲ್ಲಿ ಸೋಮಾರಿತನವೇನೂ ಇಲ್ಲ, ಯಾರೇ ಮಾಡಿದರೂ ಇಷ್ಟೇ. ಗೋಡೆಯ ಮೇಲೆ ಕೈ ಆಡುವುದು ಆರೂವರೆ ಗಂಟೆ. 156ನ್ನು ಆರೂವರೆಯಿಂದ ಭಾಗಿಸಿದರೆ 24 ಆಳು. ಭಾಗಿಸುವ ಸಂಖ್ಯೆಯೊಂದನ್ನು ತಪ್ಪಾಗಿ ಹಿಡಿದರೆ ನಾಲ್ಕೂವರೆ ಆಳಿನ ಕೂಲಿ ಕೈಬಿಟ್ಟುಹೋಗುತ್ತದೆ.

ಇಬ್ಬರು ಪೇಂಟರ್, ಒಬ್ಬ ಹೆಲ್ಪರ್, ಎಂಟು ದಿನ. ಪೇಂಟರಿಗೆ 1,000, ಹೆಲ್ಪರಿಗೆ 700 ಎಂದರೆ ದಿನಕ್ಕೆ 2,700, ಎಂಟು ದಿನಕ್ಕೆ 21,600. ಓಡಾಟ, ಟೀ ತಿಂಡಿ ಎಂದು ದಿನಕ್ಕೆ 300 ಸೇರಿಸಿದರೆ ಕೂಲಿಯ ಬಾಬ್ತು 24,000. ಮೂವರ ಬದಲು ಆರು ಜನರನ್ನು ಹಾಕಿ ನಾಲ್ಕು ದಿನದಲ್ಲಿ ಮುಗಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಖಾಲಿ ಮನೆಯಾದರೆ ಒಂದು ಮಟ್ಟಿಗೆ ಸಾಧ್ಯ. ಮನೆಯವರಿದ್ದಾಗ ಒಂದೇ ಕೋಣೆ ಬಿಡುವಾಗಿರುತ್ತದೆ, ಪುಟ್ಟಿಯೂ ಬಣ್ಣವೂ ಕೋಟ್‌ನಿಂದ ಕೋಟ್‌ಗೆ ನಾಲ್ಕಾರು ಗಂಟೆ ಒಣಗಬೇಕು. ಮಳೆಗಾಲದಲ್ಲಿ ಇನ್ನೂ ಹೆಚ್ಚು. ಮೂವರು ಕೆಲಸ ಮಾಡುವಾಗ ಇನ್ನು ಮೂವರು ಬಾಲ್ಕನಿಯಲ್ಲಿ ಬೀಡಿ ಸೇದುತ್ತಾರೆ, ಕೂಲಿ ಮಾತ್ರ ಆರು ಜನರದು.

ಇಲ್ಲಿಯವರೆಗೆ 47,000. ಮೇಸ್ತ್ರಿಯ ಫೋನು, ಸ್ಕೂಟರು, ಸವೆಯುವ ಏಣಿ, ಕೆಲಸ ಸಿಗದೆ ಹೋದ ಮನೆಗಳನ್ನು ಅಳೆಯಲು ಹೋದ ಹೊತ್ತು, ಇವಕ್ಕೆ ಶೇ 8, ಅಂದರೆ ಹತ್ತಿರಹತ್ತಿರ 3,800.

ಇನ್ನು ಆಕಸ್ಮಿಕಕ್ಕೆ ಎಷ್ಟು ಇಡಬೇಕು ಎಂಬ ಪ್ರಶ್ನೆ. ಸರ್ಕಾರಿ ಕಟ್ಟಡಗಳ ಅಂದಾಜುಪಟ್ಟಿಯಲ್ಲಿ ಇದಕ್ಕೆಂದು ಶೇ 3ರಿಂದ 5ರ ಆಸುಪಾಸಿನಲ್ಲಿ ಇಡುವ ರೂಢಿಯಿದೆ. ಆ ಅಂಕಿಯನ್ನು ಮನೆಯ ಬಣ್ಣಕ್ಕೆ ಹಾಗೇ ತಂದು ಹಚ್ಚುವುದು ಸರಿಯಲ್ಲ. ಅಲ್ಲಿ ಗುತ್ತಿಗೆದಾರನಿಗೆ ಹಣ ಸಿಗುವುದು ಹೆಚ್ಚಾಗಿ ಮಾಡಿದ ಕೆಲಸ ಅಳೆದು. ಅಳತೆ ಜಾಸ್ತಿಯಾದರೆ ಬಿಲ್ಲೂ ಜಾಸ್ತಿ. ಲಂಪ್‌ಸಮ್‌ನಲ್ಲಿ ಆ ದಾರಿ ಮುಚ್ಚಿದೆ.

ನಾನು ಮೆಚ್ಚುವ ದಾರಿ ಎಂದರೆ ಭಯಗಳನ್ನು ಒಂದೊಂದಾಗಿ ಬರೆದು, ಪ್ರತಿಯೊಂದಕ್ಕೂ ಬಂದರೆ ಎಷ್ಟು ಖರ್ಚು, ಬರುವ ಸಾಧ್ಯತೆ ಎಷ್ಟು ಎಂದು ಹಾಕುವುದು. ಈ ಮನೆಯಲ್ಲಿ ಎಮರಿ ಹಾಕುವಾಗ ಇನ್ನೂ 300 ಚದರ ಅಡಿ ಹಳೆಯ ಬಣ್ಣ ಕಿತ್ತು ಬರಬಹುದು. ಪುಟ್ಟಿ, ಎರಡು ಆಳು ಸೇರಿ 2,500. ಸೆಲೋಟೇಪ್ ಕೆಲವು ಕಡೆ ಚೂರು ಕಿತ್ತುಕೊಂಡಿದ್ದರಿಂದ ಸಾಧ್ಯತೆ ಅರ್ಧಕ್ಕರ್ಧ. ಹಾಗಾಗಿ 1,250 ಇಡಬೇಕು. ಮಳೆಗೆ ಒಣಗದೆಯೋ, ಅಪಾರ್ಟ್‌ಮೆಂಟಿನವರು ಕೆಲಸ ನಿಲ್ಲಿಸಿಯೋ ಒಂದು ದಿನ ಹಾಳಾದರೆ 3,000. ಅದೂ ಅರ್ಧಕ್ಕರ್ಧ, 1,500. ಮುಗಿಸಿ ಹೋದ ಮೇಲೆ ಒಂದು ಬಿರುಕು ಮತ್ತೆ ಬಿಟ್ಟಿತೆಂದು ಪೇಂಟರನ್ನು ಎರಡು ದಿನ ಕಳಿಸಬೇಕಾದರೆ 2,000, ಅರ್ಧ ಎಂದರೆ 1,000. ಸಾಮಾನಿನ ಬೆಲೆ ಏರುವ ಚಿಕ್ಕ ಸಾಧ್ಯತೆಗೆ ಇನ್ನೂರೈವತ್ತು. ಒಟ್ಟು 4,000 ರೂಪಾಯಿ. 47,000ದ ಮೇಲೆ ಇದು ಶೇ 8.5 ಆಗುತ್ತದೆ. ಗಾಳಿಯಲ್ಲಿ ಹೇಳುವ ಶೇ 10ಕ್ಕೆ ಹತ್ತಿರವೇ ಬಂತಲ್ಲ ಎನ್ನಬಹುದು. ಹೌದು, ಆದರೆ ಇದೇ ಅಳತೆಯ, ಎರಡೇ ವರ್ಷ ಹಳೆಯ ಖಾಲಿ ಮನೆಗೆ ಇದೇ ಲೆಕ್ಕ ಹಾಕಿದರೆ ಶೇ 3 ಸಾಕಾದೀತು, ನಲವತ್ತು ವರ್ಷದ ಸುಣ್ಣದ ಗೋಡೆಯ ಮನೆಗೆ 15 ಕೂಡ ಸಾಲದೆ ಹೋದೀತು.

ಸೀಲಿಂಗಿನ ಡಿಸ್ಟೆಂಪರ್ ಈ ಪಟ್ಟಿಯಲ್ಲಿ ಇಲ್ಲ, ಗಮನಿಸಿ. ಅದು ಇದೆ ಎಂದು ಒದ್ದೆ ಬಟ್ಟೆ ಹೇಳಿಯಾಗಿದೆ. ಗೊತ್ತಿರುವುದು ಅಂದಾಜಿಗೆ ಹೋಗಬೇಕು, 19 ಗಂಟೆಯಾಗಿ ಹೋಗಿದೆ. ಮನೆಯವರು ಅರ್ಧದಲ್ಲಿ ಬಣ್ಣ ಬದಲಿಸುವುದೂ ಪಟ್ಟಿಯಲ್ಲಿ ಇಲ್ಲ, ಯಾಕೆಂದರೆ ಅದು ಅವರ ಇಷ್ಟ, ಅದರ ಖರ್ಚು ಅವರದೇ. ಆ ಉಬ್ಬಿದ ಗೋಡೆಯೂ ಇಲ್ಲ.

ಅದು ಯಾಕಿಲ್ಲ ಎಂಬುದಕ್ಕೆ ಸ್ವಲ್ಪ ವಿವರ ಬೇಕು. ತೇವ ಬರುತ್ತಿರುವ 35 ಚದರ ಅಡಿಯಲ್ಲಿ ಗಾರೆ ಒಡೆದು ತೆಗೆದು, ಹೊಸ ಗಾರೆ ಹಾಕಿ, ವಾಟರ್‌ಪ್ರೂಫ್ ಕೋಟ್ ಕೊಟ್ಟು, ಒಣಗಲು ಬಿಟ್ಟು, ಆಮೇಲೆ ಪುಟ್ಟಿ ಬಣ್ಣ ಮಾಡಬೇಕೆಂದರೆ ಎಂಟು ಸಾವಿರ ಎನ್ನೋಣ. ಬೇಕಾಗುವ ಸಾಧ್ಯತೆ ಹತ್ತರಲ್ಲಿ ಏಳು. ಮೇಲಿನ ಲೆಕ್ಕದ ಪ್ರಕಾರ 5,600 ಇಡಬೇಕು. ಆದರೆ 5,600 ಯಾವತ್ತೂ ಸರಿಯಾದ ಮೊತ್ತವಲ್ಲ. ಕೆಲಸ ಬಂದರೆ ಮೇಸ್ತ್ರಿಗೆ 2,400 ನಷ್ಟ, ಬಾರದೆ ಹೋದರೆ ಮನೆಯವರಿಗೆ 5,600 ದಂಡ. ಚಿಕ್ಕ ಚಿಕ್ಕ ಹಲವು ಭಯಗಳಲ್ಲಿ ಒಂದು ಬಂದು ಒಂದು ತಪ್ಪಿ ಸರಾಸರಿ ಸರಿಹೋಗುತ್ತದೆ. ಒಂದೇ ದೊಡ್ಡ ಭಯಕ್ಕೆ ಸರಾಸರಿ ಎಂಬುದಿಲ್ಲ. ಮೇಲಾಗಿ ಆ ನೀರಿನ ಮೂಲ ಪಕ್ಕದ ಬಾತ್‌ರೂಮಿನ ಪೈಪೋ, ಟೈಲ್ಸ್ ನಡುವಿನ ಸಂದೋ, ಮೇಲಿನ ಮನೆಯವರದೋ. ಅದನ್ನು ಪ್ಲಂಬರ್ ಸರಿಪಡಿಸದೆ ಗೋಡೆಗೆ ಏನು ಬಳಿದರೂ ಉಪ್ಪು ಮತ್ತೆ ಹೊರಗೆ ಬರುತ್ತದೆ. ಪೇಂಟರ್ ಕೈಲಿ ಇಲ್ಲದ ವಿಷಯಕ್ಕೆ ಪೇಂಟರ್ ಖಾತರಿ ಕೊಡಲಾಗದು.

ಹಾಗಾಗಿ ಆ ಗೋಡೆಯ ತುಂಡನ್ನು ಲಂಪ್‌ಸಮ್‌ನಿಂದ ಹೊರಗಿಟ್ಟು ಪ್ರತ್ಯೇಕ ಸಾಲಿನಲ್ಲಿ ಬರೆಯಬೇಕು. ಬರೆಯುವ ರೀತಿ ಹೀಗೆ: "ದೊಡ್ಡ ಬೆಡ್‌ರೂಮಿನ ಬಾತ್‌ರೂಮ್ ಪಕ್ಕದ ಗೋಡೆಯ ಕೆಳಗಿನ ಮೂರಡಿಯ ಗಾರೆ ದುರಸ್ತಿ ಈ ದರದಲ್ಲಿ ಸೇರಿಲ್ಲ. ನೀರಿನ ಮೂಲ ಸರಿಪಡಿಸಿದ ನಂತರ ಬೇಕಾದಲ್ಲಿ ಚದರ ಅಡಿಗೆ 230 ರೂಪಾಯಿಯಂತೆ, ಅಳತೆ ಪ್ರಕಾರ." ಮೊದಲೇ ದರ ಬರೆದಿರುವುದರಿಂದ ಮೇಸ್ತ್ರಿ ಆಮೇಲೆ ಬಾಯಿಗೆ ಬಂದದ್ದು ಕೇಳುವಂತಿಲ್ಲ, ಮನೆಯವರು ಒಟ್ಟು ದರದಲ್ಲೇ ಮಾಡಿಕೊಡಿ ಎಂದು ಹಟ ಹಿಡಿಯುವಂತಿಲ್ಲ.

ಈಗ 47,000ಕ್ಕೆ 3,800, ಆಮೇಲೆ 4,000 ಸೇರಿಸಿದರೆ 54,800. ಅದರ ಮೇಲೆ ಶೇ 12 ಲಾಭ ಹಾಕಿದರೆ 61,400ರ ಹತ್ತಿರ. ಕೊಟೇಶನ್ 61,500 ರೂಪಾಯಿ. ಕೆಲವು ಮೇಸ್ತ್ರಿಗಳು ಲಾಭವನ್ನೂ ಆಕಸ್ಮಿಕವನ್ನೂ ಒಂದೇ ಜೇಬಿನಲ್ಲಿಡುತ್ತಾರೆ. ಹಾಗೆ ಮಾಡಿದರೆ ಯಾವ ಕೆಲಸದಲ್ಲಿ ದುಡಿದರು, ಯಾವುದರಲ್ಲಿ ಅದೃಷ್ಟದಿಂದ ಪಾರಾದರು ಎಂಬುದು ಅವರಿಗೇ ತಿಳಿಯುವುದಿಲ್ಲ.

ಕಾಗದದ ಮೇಲೆ ಮೊತ್ತವೊಂದನ್ನೇ ಬರೆದರೆ ಅದು ಕೊಟೇಶನ್ ಆಗದು. ಯಾವ ದರ್ಜೆಯ ಬಣ್ಣ, ಎಷ್ಟು ಕೋಟ್, ಪುಟ್ಟಿ ಪೂರ್ತಿಯೋ ತೇಪೆಯೋ, ಸೀಲಿಂಗ್ ಕೆರೆಯುವುದು ಸೇರಿದೆಯೋ ಇಲ್ಲವೋ ಬರೆಯಬೇಕು. ಬಾಗಿಲು, ಗ್ರಿಲ್, ಬಾಲ್ಕನಿ ಸೇರಿಲ್ಲ ಎಂಬುದನ್ನೂ ಬರೆಯಬೇಕು, ಯಾಕೆಂದರೆ ಬರೆಯದ್ದೆಲ್ಲ ಸೇರಿದೆ ಎಂದು ಮನೆಯವರು, ಬರೆಯದ್ದು ಯಾವುದೂ ಸೇರಿಲ್ಲ ಎಂದು ಮೇಸ್ತ್ರಿ ಓದಿಕೊಳ್ಳುತ್ತಾರೆ. ದರ ಹದಿನೈದು ದಿನ ಮಾತ್ರ ಊರ್ಜಿತ ಎಂಬ ಒಂದು ಸಾಲಿದ್ದರೆ ಬೆಲೆ ಏರಿಕೆಯ ಭಯಕ್ಕೆ ಇನ್ನೂರೈವತ್ತೇ ಸಾಕಾಗುತ್ತದೆ. ಜಿಎಸ್‌ಟಿ ಸೇರಿದೆಯೇ ಇಲ್ಲವೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು, ಕೊನೆಯ ಬಿಲ್ಲಿನಲ್ಲಿ ಶೇ 18 ಎದ್ದು ನಿಂತರೆ ಹತ್ತು ಸಾವಿರ ದಾಟುತ್ತದೆ.

ಆಮೇಲೆ ಚೌಕಾಸಿ ಶುರುವಾಗುತ್ತದೆ. "ರೌಂಡಾಗಿ ಐವತ್ತಾರೂವರೆ ಮಾಡಿಕೊಳ್ಳಿ ಮೇಸ್ತ್ರಿ, ನಮ್ಮ ಅಕ್ಕನ ಮನೆದೂ ನಿಮಗೇ ಕೊಡಿಸ್ತೀನಿ." ಐದು ಸಾವಿರ ಬಿಟ್ಟರೆ ಅರವತ್ತೊಂದೂವರೆಯಲ್ಲಿ ಅದೇನು ಮಹಾ ಎನಿಸುತ್ತದೆ. ಆದರೆ ಅದು ಬಣ್ಣದ ಅಂಗಡಿಯಿಂದಲೋ ಪೇಂಟರ್ ಕೂಲಿಯಿಂದಲೋ ಕಡಿಮೆಯಾಗುವುದಿಲ್ಲ, 6,700ರ ಲಾಭದಿಂದ ಹೋಗುತ್ತದೆ. ಉಳಿಯುವುದು 1,700. ಎಂಟು ದಿನ ಆಳುಗಳ ಹಿಂದೆ ನಿಂತು 1,700ಕ್ಕೆ ಒಪ್ಪಿಕೊಂಡವರು ಆ ಹಣವನ್ನು ಬೇರೆ ಕಡೆಯಿಂದ ತೆಗೆಯುವ ದಾರಿ ಹುಡುಕುತ್ತಾರೆ. ಹೆಚ್ಚು ನೀರು ಬೆರೆಸುವುದು ಅದರಲ್ಲಿ ಎಲ್ಲಕ್ಕಿಂತ ಸುಲಭ. ಎಷ್ಟು ನೀರು ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಅದನ್ನು ಮೀರಿದರೆ ಎರಡು ಕೋಟ್ ಆದ ಮೇಲೂ ಹಳೆಯ ಬಣ್ಣ ಇಣುಕುತ್ತದೆ, ರೋಲರ್‌ನಿಂದ ಹನಿ ಜಾರುತ್ತದೆ. ಮನೆಯವರು ಮಾಡಬಹುದಾದ ಪರೀಕ್ಷೆಯೂ ಸುಲಭವೇ. ಕೊಟೇಶನ್‌ನಲ್ಲಿ 29 ಲೀಟರ್ ಎಂದಿದ್ದರೆ ಅಷ್ಟೂ ಡಬ್ಬಿಗಳು ಸೀಲ್ ಸಮೇತ ಮನೆಗೆ ಬರಲಿ, ಎದುರಿಗೇ ಒಡೆಯಲಿ, ಖಾಲಿ ಡಬ್ಬಿಗಳು ಕೊನೆಯ ದಿನದವರೆಗೆ ಬಾಲ್ಕನಿಯಲ್ಲೇ ಇರಲಿ.

ಬಣ್ಣವನ್ನು ನಾವೇ ತಂದುಕೊಡುತ್ತೇವೆ, ನೀವು ಕೂಲಿ ಮಾತ್ರ ಹೇಳಿ ಎನ್ನುವವರೂ ಇದ್ದಾರೆ. ಆಗ ಮೇಸ್ತ್ರಿಗೆ ಅಂಗಡಿಯ ರಿಯಾಯಿತಿಯೂ ಡಬ್ಬಿಯೊಳಗಿನ ಟೋಕನ್ನಿನ ಹಣವೂ ತಪ್ಪುತ್ತದೆ, ಕೂಲಿಯ ದರ ಅಷ್ಟು ಏರಿಯೇ ಬರುತ್ತದೆ. ಅರ್ಧ ಲೀಟರ್ ಕಡಿಮೆ ಬಿದ್ದ ಮಧ್ಯಾಹ್ನ ಮೂವರು ಕೈಕಟ್ಟಿ ಕೂತ ಹೊತ್ತಿನ ಕೂಲಿ ಯಾರದು ಎಂಬ ಪ್ರಶ್ನೆಯೂ ಹುಟ್ಟುತ್ತದೆ.

ದರ ನಿಜಕ್ಕೂ ಇಳಿಯಬೇಕಾದರೆ ಕೆಲಸ ಇಳಿಯಬೇಕು. ಅಡುಗೆಮನೆ ಮತ್ತು ಓಣಿಗೆ ಕಡಿಮೆ ದರ್ಜೆಯ ಎಮಲ್ಷನ್ ಸಾಕು ಎನ್ನಬಹುದು. ಸಾಮಾನು ಸರಿಸುವ ಕೆಲಸ ಮನೆಯವರೇ ಮಾಡಿಕೊಂಡರೆ 12 ಗಂಟೆಯಲ್ಲಿ ಹೆಚ್ಚಿನದು ಉಳಿಯುತ್ತದೆ, ಅಂದರೆ ಸುಮಾರು ಒಂದೂವರೆ ಆಳು. ಮೇಸ್ತ್ರಿ ಕೇಳಬೇಕಾದ ಪ್ರಶ್ನೆ "ಯಾವುದನ್ನು ಬಿಡೋಣ?" ಎಂಬುದು. ಮನೆಯವರೂ ಏಕಾಏಕಿ ಐದು ಸಾವಿರ ಇಳಿಸಿದ ಮೇಸ್ತ್ರಿಯನ್ನು ಅದನ್ನೇ ಕೇಳಬೇಕು.

ಕೆಲಸ ಮುಗಿದ ರಾತ್ರಿ ಒಳ್ಳೆಯ ಮೇಸ್ತ್ರಿ ಡೈರಿ ತೆಗೆದು ಎರಡು ಅಂಕಿಗಳನ್ನು ಅಕ್ಕಪಕ್ಕ ಬರೆಯುತ್ತಾರೆ, ಅಂದಾಜು ಎಷ್ಟಿತ್ತು, ಆಗಿದ್ದೆಷ್ಟು. ನಮ್ಮ ಮನೆಗೆ 156ರ ಬದಲು 168 ಗಂಟೆ ಹಿಡಿಯಿತು ಎಂದುಕೊಳ್ಳಿ. ಹೆಚ್ಚಾದ 12ರಲ್ಲಿ ಏಳು ಸೀಲಿಂಗ್ ಕೆರೆಯುವುದಕ್ಕೆ, ಐದು ಎರಡು ಭಾರೀ ಬೀರು ಸರಿಸುವುದಕ್ಕೆ ಹೋಯಿತು. ಕೂಲಿಯಲ್ಲಿ 2,000, ಅರ್ಧ ಚೀಲ ಪುಟ್ಟಿಗೆ 500, ಹದಿನೈದು ದಿನದ ನಂತರ ಬಿರುಕು ಮುಚ್ಚಲು ಒಬ್ಬ ಪೇಂಟರನ್ನು ಒಂದು ದಿನ ಕಳಿಸಿದ್ದಕ್ಕೆ 1,000. ಇಟ್ಟಿದ್ದ 4,000ದಲ್ಲಿ 3,500 ಖರ್ಚು, ಲಾಭ ಮುಟ್ಟಲಿಲ್ಲ. ಭಯದ ಪಟ್ಟಿ ಬರೆಯುವಾಗ ಬೀರುವಿನ ವಿಷಯ ಯಾರಿಗೂ ಹೊಳೆದಿರಲಿಲ್ಲ, ಸೀಲಿಂಗಿನ ವೇಗದ ಅಂದಾಜು ತಪ್ಪಿತ್ತು, ಆದರೂ ಮೊತ್ತ ಸಾಕಾಯಿತು. ಡೈರಿಯಲ್ಲಿ ಡಿಸ್ಟೆಂಪರ್ ಕೆರೆಯುವ ವೇಗ ಗಂಟೆಗೆ 40 ಎಂದಿದ್ದುದನ್ನು ಹೊಡೆದು 30 ಎಂದು ತಿದ್ದಲಾಗುತ್ತದೆ, ಅಕ್ಕನ ಮನೆಯ ಕೊಟೇಶನ್ ಈ ಹೊಸ ಅಂಕಿಯ ಮೇಲೆ ಹೋಗುತ್ತದೆ.